ತಲವಾರ್ ಹಿಡಿ, ಲಾಂಗ್‌ಸ್ವೋರ್ಡ್ ಹಿಡಿ: ಎರಡನ್ನೂ ಬೀಸಿ ನೋಡಿದ್ದು

ರಾಜಾಜಿನಗರದ ನಮ್ಮ ಮನೆ ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದು ಟೆನಿಸ್ ಚೆಂಡು ನೇತುಹಾಕಿದ್ದೇನೆ. ಎರಡು ತಿಂಗಳಿಂದ ಅದಕ್ಕೆ ಎರಡು ಮೊಂಡು ಕತ್ತಿಗಳಿಂದ ಏಟು ಬೀಳುತ್ತಿದೆ. ಒಂದು ನಮ್ಮ ಕಡೆಯ ತಲವಾರ್, ಇನ್ನೊಂದು ಯುರೋಪಿನ ಲಾಂಗ್‌ಸ್ವೋರ್ಡ್. ಪಕ್ಕದ ಮನೆ ಆಂಟಿ ಈಗ ಬಟ್ಟೆ ತೆಗೆಯಲು ಬರುವ ಮೊದಲು ಕೂಗಿ ಕೇಳುತ್ತಾರೆ.

ತಲವಾರ್ ಹಿಡಿದ ಮೊದಲ ದಿನ ಬೈದುಕೊಂಡೆ. ಹಿಡಿ ಅಷ್ಟು ಚಿಕ್ಕದು. ನಾಲ್ಕು ಬೆರಳು ಹೇಗೋ ಕೂರುತ್ತವೆ, ಅಷ್ಟೇ. ದಪ್ಪ ಗ್ಲೌಸ್ ಹಾಕಿದರೆ ಅದೂ ಇಲ್ಲ. ಹಿಡಿಯ ತುದಿಯಲ್ಲಿ ತಟ್ಟೆಯಂಥ ಬಿಲ್ಲೆ ಇದೆ, ಅದೇ ಅದರ ಪಾಮೆಲ್. ಕೈ ಚಾಚಿ ಚೆಂಡಿಗೆ ತಿವಿಯಲು ಹೋದರೆ ಬಿಲ್ಲೆಯ ಅಂಚು ಸೀದಾ ಮಣಿಕಟ್ಟಿಗೆ ಒತ್ತುತ್ತದೆ. ಎರಡೇ ದಿನಕ್ಕೆ ಅಲ್ಲಿ ಕೆಂಪು ಗೆರೆ ಬಂತು.

ತಪ್ಪು ಕತ್ತಿಯದ್ದಲ್ಲ, ನನ್ನದು. ಲಾಂಗ್‌ಸ್ವೋರ್ಡ್ ಅಭ್ಯಾಸದಿಂದ ನಾನು ಮಣಿಕಟ್ಟನ್ನು ಬಗ್ಗಿಸಿ ಬೀಸುತ್ತಿದ್ದೆ. ಬಿಲ್ಲೆ ಅದಕ್ಕೆ ಬಿಡುವುದಿಲ್ಲ. ಮುಷ್ಟಿ ಕಟ್ಟಿ, ಮಣಿಕಟ್ಟು ಅಲುಗಾಡಿಸದೆ ಭುಜ, ಮೊಣಕೈಯಿಂದ ಬೀಸಿ ಹಿಂದಕ್ಕೆ ಎಳೆದೆ. ಒತ್ತು ಹೋಯಿತು. ಬಿಲ್ಲೆ ಅಂಗೈ ಬುಡಕ್ಕೆ ತಡೆಯಾಗಿ ನಿಂತಿತು. ಬೆವರಿದ ಕೈಯಲ್ಲೂ ಕತ್ತಿ ಜಾರಲಿಲ್ಲ, ಗಟ್ಟಿಯಾಗಿ ಹಿಂಡಿ ಹಿಡಿಯಬೇಕಾಗಲೂ ಇಲ್ಲ. ಬಾಗಿದ ಅಲಗು ಎಳೆದು ಕೊಯ್ಯಲು ಇರುವುದು, ಹಿಡಿಯೂ ಅದಕ್ಕೇ ಹೊಂದುತ್ತದೆ.

ಲಾಂಗ್‌ಸ್ವೋರ್ಡ್‌ದು ಬೇರೆಯೇ ಲೆಕ್ಕ. ಇದಕ್ಕೆ ಎರಡೂ ಕೈ ಬೇಕು: ಮುಂದಿನ ಕೈ ಅಲಗು ಹಿಡಿಗೆ ಸೇರುವಲ್ಲಿರುವ ಅಡ್ಡಪಟ್ಟಿಯ ಹತ್ತಿರ, ಹಿಂದಿನ ಕೈ ಪಾಮೆಲ್ ಹತ್ತಿರ. ಮುಂದಿನ ಕೈ ತಳ್ಳುವಾಗ ಹಿಂದಿನದು ಎಳೆದರೆ ತುದಿ ಸನ್ನೆಕೋಲಿನ ಹಾಗೆ ತಿರುಗುತ್ತದೆ. ಎಡಕ್ಕೆ ಬೀಸುವ ಹಾಗೆ ತೋರಿಸಿ ಬಲಕ್ಕೆ ಹೊಡೆಯುವುದು ಇದರಲ್ಲಿ ಎಷ್ಟೋ ಸುಲಭ. ಪಾಮೆಲ್‌ನ ಭಾರ ತೂಕವನ್ನು ಕೈ ಕಡೆಗೆ ತರುತ್ತದೆ. ಅದು ಜಾಸ್ತಿಯಾದರೂ ಕಷ್ಟ: ಕತ್ತಿ ಹಗುರ ಅನಿಸುತ್ತದೆ, ಏಟಿಗೆ ಮಾತ್ರ ಜೋರಿರುವುದಿಲ್ಲ.

ಇನ್ನು ಕೈ ಉಳಿಯುವ ಮಾತು. ಗೆಳೆಯನೊಬ್ಬ ಬಿದಿರು ಕೋಲನ್ನು ನನ್ನ ಅಲಗಿನ ಮೇಲೆ ಮೆಲ್ಲಗೆ ಕೆಳಗೆ ಜಾರಿಸಿದ. ಲಾಂಗ್‌ಸ್ವೋರ್ಡ್‌ನ ಉದ್ದ ಅಡ್ಡಪಟ್ಟಿ ಅದನ್ನು ಹತ್ತಕ್ಕೆ ಹತ್ತು ಸಲ ಹಿಡಿಯಿತು. ತಲವಾರ್‌ನ ಅಡ್ಡಪಟ್ಟಿ ಗಿಡ್ಡ. ಕೋಲು ಸ್ವಲ್ಪ ಓರೆಯಾಗಿ ಬಂದಾಗಲೆಲ್ಲ ಬೆರಳ ಗೆಣ್ಣಿಗೇ ಬಿತ್ತು. "ಗುರು, ನಿನ್ನ ಕೈ ಎಲ್ಲಿ ಕಾಯ್ತಿದೆ ಇದು?" ಎಂದು ನಕ್ಕ.

ಆದರೆ ಕೋಲು ಜಾರಿ ಬರದೆ ನೇರ ಕೈಗೇ ಬಂದರೆ? ಲಾಂಗ್‌ಸ್ವೋರ್ಡ್‌ನ ಅಡ್ಡಪಟ್ಟಿ ಒಂದೇ ನೇರದಲ್ಲಿದೆ, ಅದರ ಪಕ್ಕದಿಂದ ಬಂದ ಏಟು ಹೆಬ್ಬೆರಳಿಗೆ ಸಿಕ್ಕಿತು. ಕೆಲವು ತಲವಾರ್‌ಗಳಲ್ಲಿ ಅಡ್ಡಪಟ್ಟಿಯಿಂದ ಬಿಲ್ಲೆಯವರೆಗೆ ಬೆರಳ ಮುಂದೆ ಬಾಗಿದ ಕಂಬಿ ಇರುತ್ತದೆ. ಅಂಥದ್ದೊಂದನ್ನು ಎರವಲು ತಂದು ನೋಡಿದೆ. ಮುಂದಿನಿಂದ ಬಂದ ಏಟು ಕಂಬಿಗೆ ಟಣ್ ಎಂದಿತು. ಮುಂಗೈ ಮೇಲ್ಭಾಗ ಆಗಲೂ ಬಯಲೇ.

ತಲವಾರ್ ಜೊತೆ ಗುರಾಣಿ ಯಾಕೆ ಹಿಡಿಯುತ್ತಿದ್ದರು ಅಂತ ಆಗ ಅರ್ಥವಾಯಿತು. ಈಗ ನಾನೂ ಎಡಗೈಗೆ ಒಂದು ಹಳೇ ಸ್ಟೀಲ್ ಮುಚ್ಚಳಕ್ಕೆ ಹಿಡಿ ಹಾಕಿಸಿಕೊಂಡಿದ್ದೇನೆ. ಅಮ್ಮನಿಗೆ ಇನ್ನೂ ಗೊತ್ತಾಗಿಲ್ಲ.