ಜರ್ಮನ್ ನಾಲ್ಕನೇ ತಿಂಗಳಿಗೆ ಬಂದಾಗ: ಆಂಕಿ, ಸ್ಟ್ರೀಕ್ ಆ್ಯಪ್, ಕಾಗದದ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆಂಕಿಗೆ, ಅಂದರೆ ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥವಿರುವ ಕಾರ್ಡುಗಳನ್ನು ಮರೆಯುವ ಹೊತ್ತಿಗೆ ಮತ್ತೆ ತೋರಿಸುವ ಆ್ಯಪಿಗೆ. ಅದೂ ದಿನಕ್ಕೆ ಐದೇ ಹೊಸ ಕಾರ್ಡ್ ಇಟ್ಟುಕೊಂಡ ಆಂಕಿಗೆ. ಮೂರನ್ನೂ ಇಲ್ಲಿ ಹೋಲಿಸಿರುವುದು ಪದಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ಕೆಲಸಕ್ಕೆ ಮಾತ್ರ. ಬಾಯಿ ತಿರುಗಬೇಕಾದರೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಂಥ ಕಡೆ ಕ್ಲಾಸಿಗೇ ಹೋಗಬೇಕು.

ದಿನಗಳನ್ನು ಎಣಿಸುವ ಸ್ಟ್ರೀಕ್ ಆ್ಯಪ್ ಮೊದಲ ತಿಂಗಳಿಗೆ ಚೆನ್ನ. ಆಮೇಲೆ ಜನ ಎಣಿಕೆಯನ್ನು ಕಾಪಾಡುತ್ತಾರೆ, ಭಾಷೆಯನ್ನಲ್ಲ. ರಾತ್ರಿ ಹನ್ನೊಂದೂವರೆಗೆ ತೀರಾ ಸುಲಭದ ಹಳೆಯ ಪಾಠವೊಂದನ್ನು ಎರಡು ನಿಮಿಷ ಒತ್ತಿ ಮಲಗಿದರೂ ಲೆಕ್ಕ ಒಂದು ಏರುತ್ತದೆ. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವುದಕ್ಕೂ, ಖಾಲಿ ಪರದೆ ನೋಡಿ ಪದವನ್ನು ತಾನೇ ನೆನಪಿಸಿಕೊಳ್ಳುವುದಕ್ಕೂ ಬಹಳ ಅಂತರವಿದೆ.

ಆಂಕಿಯ ತೊಂದರೆ ಬೇರೆ ಥರದ್ದು, ಜನ ಬಿಟ್ಟುಬಿಡುವುದೂ ಅಲ್ಲೇ. ಸ್ಥಾಪಿಸಿದಾಗ ಅದು ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುತ್ತದೆ. ಮೊದಲ ವಾರ ಇದು ಆಟದಂತಿರುತ್ತದೆ. ಆದರೆ ಪ್ರತಿ ಕಾರ್ಡೂ ಮರುದಿನ, ಕೆಲವು ದಿನದ ಮೇಲೆ, ವಾರದ ಮೇಲೆ ಮತ್ತೆ ಬರಬೇಕಲ್ಲ? ತಿಂಗಳು ಕಳೆಯುವಷ್ಟರಲ್ಲಿ ದಿನದ ಪುನರಾವರ್ತನೆ ಹೊಸ ಕಾರ್ಡುಗಳ ಏಳರಿಂದ ಹತ್ತು ಪಟ್ಟಿಗೆ, ಅಂದರೆ 140–200ಕ್ಕೆ ಬಂದು ನಿಲ್ಲುತ್ತದೆ. ಕಾರ್ಡಿಗೆ ಎಂಟು ಸೆಕೆಂಡಿನಂತೆ ಹಿಡಿದರೂ ಹತ್ತೊಂಬತ್ತರಿಂದ ಇಪ್ಪತ್ತೇಳು ನಿಮಿಷ. ಉತ್ಸಾಹ ಇಳಿಯುವುದೂ ಈ ಹೊರೆ ಏರುವುದೂ ಒಂದೇ ವಾರದಲ್ಲಿ. ಹೊಸದನ್ನು ಐದಕ್ಕೆ ಇಳಿಸಿದರೆ ಪುನರಾವರ್ತನೆ 35–50, ಐದರಿಂದ ಏಳು ನಿಮಿಷದ ಮಾತು. ನಾಲ್ಕು ತಿಂಗಳಿಗೆ 600 ಪದ. ಕಮ್ಮಿಯೆನಿಸಿದರೂ ಇವು ಉಳಿಯುವ ಪದಗಳು.

ಇನ್ನು ದಸರಾಕ್ಕೆ ಊರಿಗೆ ಹೋಗಿ ಹತ್ತು ದಿನ ಮುಟ್ಟಲಿಲ್ಲ ಎಂದುಕೊಳ್ಳಿ. ವಾಪಸ್ಸು ಬಂದಾಗ 450 ಕಾರ್ಡ್ ಬಾಕಿ. ಒಂದೇ ಭಾನುವಾರ ಎಲ್ಲ ಮುಗಿಸಲು ಕೂತವರು ಸೋಮವಾರ ಆ್ಯಪ್ ತೆರೆಯುವುದಿಲ್ಲ. ಡೆಕ್ಕಿನ, ಅಂದರೆ ಕಾರ್ಡುಗಳ ಕಟ್ಟಿನ, ಆಯ್ಕೆಗಳಲ್ಲಿ `New cards/day` ಅನ್ನು 0 ಮಾಡಿ, `Maximum reviews/day` ಅನ್ನು 90ಕ್ಕೆ ಇಡಿ. ಯಾವ ಕಾರ್ಡ್ ಮತ್ತೆ ಯಾವಾಗ ಬರಬೇಕೆಂದು ಲೆಕ್ಕ ಹಾಕುವ FSRS ಚಾಲೂ ಇದ್ದರೆ `Review sort order` ನಲ್ಲಿ `Descending retrievability` ಆರಿಸಿ. ಆಗ ಇನ್ನೂ ನೆನಪಿನ ಅಂಚಿನಲ್ಲಿರುವ ಪದಗಳು ಮೊದಲು ಬಂದು ಕೈತಪ್ಪದೆ ಉಳಿಯುತ್ತವೆ. ಪೂರ್ತಿ ಮರೆತುಹೋದವು ಕಾಯಲಿ, ಅವನ್ನು ಹೇಗೂ ಹೊಸದಾಗಿಯೇ ಕಲಿಯಬೇಕು. 90ರಲ್ಲಿ ಅರ್ಧ ಆ ದಿನದ ಪಾಲು, ಅರ್ಧ ಹಳೆಯ ಸಾಲ ಎಂದರೆ ದಿನಕ್ಕೆ ಹನ್ನೆರಡು ನಿಮಿಷದಂತೆ ಸುಮಾರು ಹತ್ತು ದಿನದಲ್ಲಿ ಬಾಕಿ ತೀರುತ್ತದೆ. ತೀರಿದ ಮೇಲೆ ಮತ್ತೆ ಐದು.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು: ಮರೆತ ಪದಕ್ಕೆ ಮುಜುಗರಪಟ್ಟು `Hard` ಒತ್ತುವುದು. FSRS ಅದನ್ನು "ಕಷ್ಟಪಟ್ಟರೂ ನೆನಪಾಯಿತು" ಎಂದೇ ಓದಿಕೊಂಡು ಅಂತರವನ್ನು ತಪ್ಪಾಗಿ ಹಿಗ್ಗಿಸುತ್ತದೆ. ಮರೆತಿದ್ದರೆ `Again`, ಅಷ್ಟೆ. ಒಂದು ಕಾರ್ಡನ್ನು ಎಂಟು ಸಲ ಮರೆತರೆ ಆಂಕಿ ಅದಕ್ಕೆ `leech` ಚೀಟಿ ಅಂಟಿಸುತ್ತದೆ, ಆಯ್ಕೆಗಳಲ್ಲಿ ಹಾಗೆ ಇಟ್ಟಿದ್ದರೆ ಬದಿಗೂ ಇಡುತ್ತದೆ. ಅದನ್ನು ಹಾಗೇ ಮತ್ತೆ ಸಾಲಿಗೆ ಸೇರಿಸಬೇಡಿ, ಕಾರ್ಡನ್ನೇ ತಿದ್ದಿ ಬರೆಯಿರಿ. ಕೂಖನ್ ಎಂದರೆ ಕೇಕು, ಕ್ಯೂಖೆ ಎಂದರೆ ಅಡುಗೆಮನೆ. ಬರೀ ಪದವಿದ್ದರೆ ಇವೆರಡೂ ತಿಂಗಳುಗಟ್ಟಲೆ ಅದಲುಬದಲಾಗುತ್ತವೆ. ಡೆರ್ ಕೂಖನ್, ಡೀ ಕ್ಯೂಖೆ ಎಂದು ಲಿಂಗಸೂಚಕದೊಂದಿಗೆ, ಚಿಕ್ಕ ವಾಕ್ಯದಲ್ಲಿಟ್ಟರೆ ಬೇರೆಯಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಕೇಕೂ ಅಡುಗೆಮನೆಯೂ "ಅದು" ಆಗಿರುವುದರಿಂದ ನಮ್ಮ ಕಿವಿ ಈ ಡೆರ್, ಡೀಗಳನ್ನು ಸುಲಭವಾಗಿ ನುಂಗಿಬಿಡುತ್ತದೆ.

ಕಾಗದದ ಡಬ್ಬಿ ಎಂದರೆ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿ: ಐದು ಖಾನೆ, ನೆನಪಾದರೆ ಕಾರ್ಡ್ ಮುಂದಿನ ಖಾನೆಗೆ, ಮರೆತರೆ ಮೊದಲನೆಯದಕ್ಕೆ. ಕೈಯಲ್ಲಿ ಬರೆದ ಪದ ಚೆನ್ನಾಗಿ ಅಂಟುತ್ತದೆ, ಬಾಕಿ ಎಷ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ. ಆದರೆ ನಾಲ್ಕನೇ ತಿಂಗಳಿಗೆ 600 ಚೀಟಿ ಹೊತ್ತು ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ನಿಂತುಕೊಂಡು ಓದಲಾಗದು. ಉಚ್ಚಾರಣೆ ಕೇಳಿಸಲೂ ಅದಕ್ಕೆ ಬಾಯಿಲ್ಲ.

ಮೆಟ್ರೋದಲ್ಲೇ ಆಂಕಿ ಗೆಲ್ಲುವುದು. ಕಾರ್ಡುಗಳು ಫೋನಿನಲ್ಲೇ ಇರುವುದರಿಂದ ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್‌ವರೆಗಿನ ಸುರಂಗದಲ್ಲಿ ನೆಟ್ ಹೋದರೂ ನಿಲ್ಲುವುದಿಲ್ಲ, ಮೇಲೆ ಬಂದ ಮೇಲೆ ಸಿಂಕ್ ಮಾಡಿದರಾಯಿತು. ಆಂಡ್ರಾಯ್ಡಿಗೂ ಕಂಪ್ಯೂಟರಿಗೂ ಪುಕ್ಕಟೆ. ಐಫೋನಿನ ಆ್ಯಪಿಗೆ ಒಮ್ಮೆ ದುಡ್ಡು ತೆರಬೇಕು. ಅದು ಜಾಸ್ತಿಯೆನಿಸಿದರೆ ಬ್ರೌಸರಿನಲ್ಲಿ ಆಂಕಿವೆಬ್ ತೆರೆದುಕೊಳ್ಳಬಹುದು, ನೆಟ್ ಮಾತ್ರ ಬೇಕು. ದಿನವೂ ಮನೆಯ ಮೇಜಿನ ಮುಂದೆಯೇ ಕೂರುವವರಿಗೆ, ಫೋನ್ ಕೈಗೆ ಬಂದರೆ ರೀಲ್ಸ್‌ಗೆ ಜಾರುವವರಿಗೆ ಅವೆನ್ಯೂ ರಸ್ತೆಯಿಂದ ಒಂದು ಕಟ್ಟು ಕಾರ್ಡ್ ತಂದು ಡಬ್ಬಿ ಮಾಡಿಕೊಳ್ಳುವುದೇ ವಾಸಿ.