ಬೇಯಿಸಿದ ಮೊಟ್ಟೆಯನ್ನು ಮೈಕ್ರೋವೇವ್‌ನಲ್ಲಿ ಇಡಬೇಡಿ: ನಮ್ಮನೆಯಲ್ಲಿ ಆಗಿದ್ದನ್ನು ಓದಿ

ಮೈಕ್ರೋವೇವ್ ಒಳಗೆ ಮೊಟ್ಟೆ ಇಟ್ಟರೆ ಸಿಡಿಯುತ್ತದೆ ಅನ್ನೋದು ಬಹಳ ಜನಕ್ಕೆ ಗೊತ್ತು. ನನಗೂ ಗೊತ್ತಿತ್ತು. ಆದರೆ ಹೊರಗೆ ತೆಗೆದು, ಸಿಪ್ಪೆ ಸುಲಿದು, ತಟ್ಟೆಯಲ್ಲಿ ಇಟ್ಟ ಮೊಟ್ಟೆಯೂ ಸಿಡಿಯುತ್ತದೆ ಅಂತ ಗೊತ್ತಿರಲಿಲ್ಲ. ಅದು ಸಿಡಿದಿದ್ದು ನನ್ನ ತಮ್ಮನ ಮುಖದ ಮುಂದೆ. ಇಟ್ಟವಳು ನಾನು.

ತಮ್ಮನಿಗೆ ರಾತ್ರಿ ಪಾಳಿ. ಬೆಳಿಗ್ಗೆ ಏಳಕ್ಕೆ ಮನೆಗೆ ಬರುತ್ತಾನೆ. ಹಿಂದಿನ ರಾತ್ರಿ ಮೊಟ್ಟೆ ಸಾರಿಗೆ ಅಂತ ಎಂಟು ಮೊಟ್ಟೆ ಬೇಯಿಸಿದ್ದೆ. ಎರಡು ಉಳಿದವು, ಸಿಪ್ಪೆ ಸಮೇತ ಫ್ರಿಜ್‌ನಲ್ಲಿ ಇಟ್ಟಿದ್ದೆ. ಬಂದವನೇ "ಅಕ್ಕಾ, ತಿನ್ನೋಕೆ ಏನಾದ್ರೂ ಇದ್ಯಾ?" ಅಂದ. ಒಲೆಯ ಮೇಲೆ ಒಂದು ಕಡೆ ಹಾಲು, ಇನ್ನೊಂದು ಕಡೆ ಕುಕ್ಕರ್. ಎರಡು ಮೊಟ್ಟೆಗೆ ಅಂತ ಕಾಯುವುದು ಯಾಕೆ ಅನ್ನಿಸಿತು. ಗಾಜಿನ ಬೋಗುಣಿಯಲ್ಲಿ ಮೊಟ್ಟೆ ಮುಳುಗುವಷ್ಟು ನೀರು ಹಾಕಿ ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟೆ. ನೀರಿದ್ದರೆ ಏನೂ ಆಗಲ್ಲ ಅಂತ ಯಾವುದೋ ವಿಡಿಯೋದಲ್ಲಿ ನೋಡಿದ ನೆನಪು.

ಸಿಡಿಯಲಿಲ್ಲ. ಚಿಪ್ಪು ಕೂಡ ಬಿರುಕು ಬಿಡಲಿಲ್ಲ. ಬೋಗುಣಿ ಹೊರಗೆ ತೆಗೆದು, ಬಿಸಿ ನೀರು ಚೆಲ್ಲಿ, ನಲ್ಲಿಯ ತಣ್ಣೀರು ಹಾಯಿಸಿ ಸಿಪ್ಪೆ ಸುಲಿದೆ. ಕೈಗೆ ಉಗುರುಬೆಚ್ಚಗಿತ್ತು ಅಷ್ಟೆ. ಉಪ್ಪು, ಮೆಣಸಿನ ಪುಡಿ ಉದುರಿಸಿ ಕೊಟ್ಟೆ. ತಮ್ಮ ಮೊದಲನೇ ಮೊಟ್ಟೆ ತಿಂದು ಮುಗಿಸಿದ. ಏನೂ ಆಗಲಿಲ್ಲ. ಎರಡನೆಯದನ್ನು ಚಮಚದ ಅಂಚಿನಿಂದ ಒತ್ತಿ ಎರಡು ಹೋಳು ಮಾಡಲು ಹೋದ.

ಪಟಾಕಿ ಹೊಡೆದ ಹಾಗೆ ಸದ್ದು. ನಾನು ತಿರುಗಿ ನೋಡುವಷ್ಟರಲ್ಲಿ ಅವನು ಎರಡೂ ಕೈ ಮುಖಕ್ಕೆ ಒತ್ತಿಕೊಂಡು ಕೂತಿದ್ದ. ತಟ್ಟೆಯಲ್ಲಿ ಮೊಟ್ಟೆ ಇರಲೇ ಇಲ್ಲ. ಹಳದಿ ಭಾಗ ರವೆಯ ಹಾಗೆ ಪುಡಿಪುಡಿಯಾಗಿ ಗೋಡೆಗೆ, ಕ್ಯಾಲೆಂಡರ್‌ಗೆ, ಅವನ ಹುಬ್ಬಿನ ಕೂದಲಿಗೆ ಅಂಟಿತ್ತು. ಕೆನ್ನೆಯ ಮೇಲೆ ಅಂಟಿದ್ದ ಒಂದು ಚೂರನ್ನು ತೆಗೆಯಲು ಹೋದೆ, ನನ್ನ ಬೆರಳೇ ಸುಟ್ಟಿತು. ಐದು ನಿಮಿಷದ ಹಿಂದೆ ನನ್ನ ಕೈಯಲ್ಲಿ ಉಗುರುಬೆಚ್ಚಗಿದ್ದ ಮೊಟ್ಟೆ ಅದು.

ಬೇಸಿನ್ ಹತ್ತಿರ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿದೆ. ಕಣ್ಣು, ಕೆನ್ನೆ, ತುಟಿ ಎಲ್ಲದರ ಮೇಲೂ ನೀರು ಬಿಡುತ್ತಾ ಇದ್ದೆ. ಅಮ್ಮ ಅರಿಶಿನ ತರಲು ಹೊರಟರು, ಬೇಡ ಅಂದೆ. ಸುಟ್ಟ ಜಾಗಕ್ಕೆ ಮೊದಲು ಬೇಕಾದದ್ದು ಹರಿಯುವ ತಣ್ಣೀರು, ಅದೂ 20 ನಿಮಿಷ. ಅರಿಶಿನ, ಟೂತ್‌ಪೇಸ್ಟ್, ಐಸ್ ಯಾವುದೂ ಹಚ್ಚಬಾರದು. ಆಮೇಲೆ ಆಟೋ ಹಿಡಿದು ಕಣ್ಣಿನ ಆಸ್ಪತ್ರೆಗೆ ಹೋದೆವು. ಕರಿಗುಡ್ಡೆಯ ಮೇಲಿನ ಪೊರೆ ಗೀರಿದೆ, ಆಳವಾಗಿಲ್ಲ ಅಂದರು ಡಾಕ್ಟರು. ಮುಲಾಮು, ಡ್ರಾಪ್ಸ್ ಕೊಟ್ಟರು. ಒಂದು ವಾರದಲ್ಲಿ ಕಣ್ಣು ಸರಿಹೋಯಿತು. ತುಟಿಯ ಮೇಲೆ ಎದ್ದ ಬೊಬ್ಬೆ ಮಾಯಲು ಜಾಸ್ತಿ ದಿನ ಹಿಡಿಯಿತು.

ಅವತ್ತಿನಿಂದ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಒಂದೇ. ಹೊರಗೆ ಬೆಚ್ಚಗಿದ್ದ ಮೊಟ್ಟೆ ಒಳಗೆ ಅಷ್ಟು ಬಿಸಿ ಹೇಗಾಯಿತು? ಅದೂ ನೀರಿನಲ್ಲಿ ಮುಳುಗಿತ್ತಲ್ಲ?

ಒಲೆಯ ಮೇಲೆ ಮೊಟ್ಟೆ ಬೇಯಿಸುವಾಗ ಮೊದಲು ನೀರು ಕಾಯುತ್ತದೆ. ಆ ಬಿಸಿ ಚಿಪ್ಪಿಗೆ, ಬಿಳಿ ಭಾಗಕ್ಕೆ, ಕೊನೆಗೆ ಹಳದಿಗೆ ಇಳಿಯುತ್ತದೆ. ಕುದಿಯುವ ನೀರು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಹಳದಿ ಭಾಗ ಎಷ್ಟೇ ಬೆಂದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಮೈಕ್ರೋವೇವ್‌ನಲ್ಲಿ ಹೀಗಲ್ಲ. ಅದರ ಅಲೆಗಳು ನೀರನ್ನೂ ಚಿಪ್ಪನ್ನೂ ದಾಟಿ ಒಳಗೆ ಹೋಗುತ್ತವೆ, ಹಳದಿಯನ್ನು ನೇರವಾಗಿ ಕಾಯಿಸುತ್ತವೆ. ಹಾಗಾಗಿ ಸುತ್ತಲಿನ ನೀರಿಗಿಂತ ಹಳದಿಯೇ ಜಾಸ್ತಿ ಬಿಸಿಯಾಗಬಹುದು.

ಇನ್ನೊಂದು ವಿಷಯ ಇದೆ. ಗಟ್ಟಿಯಾಗಿ ಬೆಂದ ಹಳದಿ ನೋಡೋಕೆ ಒಣಗಿದ ಹಾಗೆ ಕಾಣುತ್ತದೆ, ಆದರೆ ಅದರಲ್ಲಿ ಸುಮಾರು ಅರ್ಧ ಭಾಗ ನೀರೇ. ಆ ನೀರು ಸಣ್ಣ ಸಣ್ಣ ಹನಿಗಳಾಗಿ ಗಟ್ಟಿ ಪ್ರೋಟೀನಿನ ನಡುವೆ ಸಿಕ್ಕಿಕೊಂಡಿರುತ್ತದೆ. ಕುದಿಯುವ ಬಿಸಿ ದಾಟಿದರೂ ಹಬೆಯಾಗಿ ಹಿಗ್ಗಲು ಅಲ್ಲಿ ಜಾಗ ಇಲ್ಲ. ಹಾಗೇ ಕಾದುಕೊಂಡು ಕೂತಿರುತ್ತದೆ. ನೀರು ಹಬೆಯಾದರೆ ಸಾವಿರದ ಆರುನೂರು ಪಟ್ಟಿಗಿಂತ ಜಾಸ್ತಿ ಜಾಗ ಬೇಕು. ಚಮಚ ಒತ್ತಿದಾಗ, ಹಲ್ಲು ಊರಿದಾಗ ಒಂದು ಹನಿಗೆ ದಾರಿ ಸಿಗುತ್ತದೆ. ಅದು ಹಬೆಯಾಗಿ ಪಕ್ಕದ್ದನ್ನು ಒಡೆಯುತ್ತದೆ, ಅದು ಅದರ ಪಕ್ಕದ್ದನ್ನು. ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಪ್ರೆಶರ್ ಇಳಿಯುವ ಮೊದಲೇ ಕುಕ್ಕರ್ ಮುಚ್ಚಳ ತೆಗೆದರೆ ಏನಾಗುತ್ತದೋ ಅದೇ, ಆದರೆ ಇಲ್ಲಿ ಆ ಕುಕ್ಕರ್ ಬಾಯಿಯ ಹತ್ತಿರ ಇರುತ್ತದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಸಭೆಯಲ್ಲಿ ಆಂಥನಿ ನ್ಯಾಶ್ ಮತ್ತು ಲಾರೆನ್ ವಾನ್ ಬ್ಲೋನ್ ಅನ್ನುವ ಇಬ್ಬರು ಇದರ ಫಲಿತಾಂಶ ಮುಂದಿಟ್ಟರು. ಹೋಟೆಲಿನಲ್ಲಿ ಮೊಟ್ಟೆ ಬಾಯಲ್ಲಿ ಸಿಡಿದು ಕಿವಿ ಕೆಟ್ಟಿತು ಅಂತ ಒಬ್ಬರು ಹಾಕಿದ್ದ ಮೊಕದ್ದಮೆ ಇದಕ್ಕೆ ಕಾರಣ. ನ್ಯಾಶ್ ಮತ್ತು ವಾನ್ ಬ್ಲೋನ್ ಬೇಯಿಸಿದ ಸುಮಾರು ನೂರು ಮೊಟ್ಟೆಗಳನ್ನು ನೀರಿನಲ್ಲಿಟ್ಟು ಮೈಕ್ರೋವೇವ್ ಮಾಡಿದರು. ಕೆಲವು ಒಳಗೇ ಸಿಡಿದವು. ಉಳಿದವನ್ನು ಹೊರಗೆ ತೆಗೆದು ಚೂಪಾದ ವಸ್ತುವಿನಿಂದ ಚುಚ್ಚಿದಾಗ ಸುಮಾರು 30 ಪ್ರತಿಶತ ಸಿಡಿದವು. ಒಂದು ಅಡಿ ದೂರದಲ್ಲಿ ಸದ್ದು 86ರಿಂದ 133 ಡೆಸಿಬಲ್ ಇತ್ತು. ಕಿವಿ ಕೆಡುವ ಸಾಧ್ಯತೆ ಕಡಿಮೆ ಅನ್ನೋದು ಅವರ ಅಭಿಪ್ರಾಯ. ತಮ್ಮನ ಕಿವಿಗೂ ಏನೂ ಆಗಲಿಲ್ಲ. ಸುಟ್ಟಿದ್ದು ಚರ್ಮ, ಗೀರಿದ್ದು ಕಣ್ಣು.

ಆ ಲೆಕ್ಕ ಓದಿದ ಮೇಲೆ ಮೊದಲನೇ ಮೊಟ್ಟೆ ಯಾಕೆ ಏನೂ ಮಾಡಲಿಲ್ಲ ಅಂತ ಅರ್ಥವಾಯಿತು. ಹತ್ತು ಸಲ ಬಿಸಿ ಮಾಡಿದರೆ ಆರೇಳು ಸಲ ಏನೂ ಆಗದೇ ಹೋಗಬಹುದು. "ನಾನು ಯಾವಾಗಲೂ ಹೀಗೇ ಮಾಡ್ತೀನಿ, ಏನೂ ಆಗಿಲ್ಲ" ಅಂತ ನನ್ನ ಗೆಳತಿಯೊಬ್ಬಳು ಹೇಳಿದಳು. ಅವಳ ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ, ಅದಕ್ಕೇ ನನಗೆ ಭಯ.

ಚಿಪ್ಪಿಗೆ ಸೂಜಿಯಿಂದ ತೂತು ಮಾಡಿದರೆ ಸಾಕು ಅಂತಲೂ ಕೆಲವರು ಹೇಳುತ್ತಾರೆ. ಹಲಸಿನ ಬೀಜ ಕೆಂಡದಲ್ಲಿ ಸುಡುವ ಮೊದಲು ತುದಿ ಕತ್ತರಿಸುತ್ತೇವೆ, ಬದನೆಕಾಯಿ ಸುಡುವ ಮೊದಲು ಚಾಕುವಿನಿಂದ ಚುಚ್ಚುತ್ತೇವೆ, ಹಾಗೇ ಇದೂ ಅನ್ನಿಸುತ್ತದೆ. ಚಿಪ್ಪಿನಲ್ಲಿ ಮೊದಲೇ ಸಾವಿರಾರು ಸಣ್ಣ ರಂಧ್ರಗಳಿವೆ. ಅಷ್ಟಿದ್ದೂ ಒಳಗಿನ ಹಬೆ ಬೇಗ ಹೊರಗೆ ಬರಲಾರದು. ಮೇಲಾಗಿ ನಮ್ಮನೆಯ ಮೊಟ್ಟೆಗೆ ಸಿಡಿಯುವ ಹೊತ್ತಿಗೆ ಚಿಪ್ಪೇ ಇರಲಿಲ್ಲ. ಸಮಸ್ಯೆ ಇರುವುದು ಹಳದಿಯ ಒಳಗೆ, ಸೂಜಿ ಅಲ್ಲಿನ ಪ್ರತಿ ಹನಿಗೂ ಹೋಗಿ ಮುಟ್ಟುವುದಿಲ್ಲ. ಉಪ್ಪು ನೀರು, ಕಡಿಮೆ ಪವರ್ ಇವೂ ಅಷ್ಟೇ, ನಂಬಿಕೊಳ್ಳುವ ಹಾಗಿಲ್ಲ. ಇನ್ನು ಚಿಪ್ಪಿನ ಸಮೇತ ಹಸಿ ಮೊಟ್ಟೆ ಇಟ್ಟರೆ ಅದು ಸಾಮಾನ್ಯವಾಗಿ ಒಳಗೇ ಸಿಡಿಯುತ್ತದೆ, ಕೆಲವು ಸಲ ಬಾಗಿಲನ್ನೂ ತಳ್ಳಿಬಿಡುತ್ತದೆ.

ಬೇಯಿಸಿದ ಮೊಟ್ಟೆ ಬೆಚ್ಚಗೆ ಬೇಕಿದ್ದರೆ ಈಗ ನಾನು ಮಾಡುವುದು ಇಷ್ಟೇ. ಹಾಲು ಕಾಯುವ ಹೊತ್ತಿಗೆ ಪಕ್ಕದಲ್ಲಿ ನೀರು ಕುದಿಸಿ, ಬೋಗುಣಿಗೆ ಸುರಿದು, ಸಿಪ್ಪೆ ಸಮೇತ ಮೊಟ್ಟೆ ಅದರಲ್ಲಿ ಹಾಕಿ ಮುಚ್ಚಿಡುತ್ತೇನೆ. ಹತ್ತು ನಿಮಿಷ. ಅವನು ಸ್ನಾನ ಮಾಡಿ ಬರುವುದರೊಳಗೆ ಆಗಿರುತ್ತದೆ.

ಮೈಕ್ರೋವೇವ್‌ನಲ್ಲೇ ಮೊಟ್ಟೆ ಮಾಡಬೇಕು, ಪಿಜಿಯಲ್ಲಿದ್ದೀರಿ, ಒಲೆ ಇಲ್ಲ ಅಂದರೆ ಒಡೆದು ಕಲಕಿದ ಮೊಟ್ಟೆಯೇ ಒಳ್ಳೆಯದು. ದೊಡ್ಡ ಮಗ್ಗಿನ ಒಳಗೆ ಎಣ್ಣೆ ಸವರಿ, ಎರಡು ಮೊಟ್ಟೆ ಒಡೆದು, ಎರಡು ಚಮಚ ಹಾಲು, ಚಿಟಿಕೆ ಉಪ್ಪು ಹಾಕಿ. ಫೋರ್ಕಿನಿಂದ ಹಳದಿಯ ಗಂಟು ಒಂದೂ ಉಳಿಯದ ಹಾಗೆ ಕಲಕಿ. ಮಗ್ ಅರ್ಧ ಖಾಲಿ ಇರಬೇಕು, ಯಾಕೆಂದರೆ ಮೊಟ್ಟೆ ದೋಸೆ ಹಿಟ್ಟಿನ ಹಾಗೆ ಉಬ್ಬಿ ಮೇಲೆ ಬರುತ್ತದೆ. 45 ಸೆಕೆಂಡ್ ಇಟ್ಟು ತೆಗೆದು, ಅಂಚಿನಲ್ಲಿ ಗಟ್ಟಿಯಾದದ್ದನ್ನು ನಡುವೆ ಎಳೆದು ಕಲಕಿ, ಮತ್ತೆ 20 ಸೆಕೆಂಡ್ ಇಡಿ. ನಿಮ್ಮ ಓವನ್ ಎಷ್ಟು ವ್ಯಾಟ್ ಅನ್ನೋದರ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಇನ್ನೂ ತೇವ ಇದೆ ಅನ್ನಿಸಿದಾಗಲೇ ನಿಲ್ಲಿಸಿ ಒಂದು ನಿಮಿಷ ಮುಚ್ಚಿಡಿ, ಒಳಗಿನ ಬಿಸಿಗೇ ಉಳಿದದ್ದು ಬೇಯುತ್ತದೆ. ಆಮೇಲೂ ಲೋಳೆ ಲೋಳೆ ಇದ್ದರೆ ಇನ್ನೂ 10 ಸೆಕೆಂಡ್ ಇಡಿ. ಹಸಿ ಉಳಿಯಬಾರದು.

ಹಳದಿ ಒಡೆಯದೇ ಇಡೀ ಮೊಟ್ಟೆ ಬಟ್ಟಲಿಗೆ ಹಾಕಿ ಮಾಡುವುದಾದರೆ ಹಳದಿಯ ಮೇಲಿನ ತೆಳು ಪೊರೆಯನ್ನು ಟೂತ್‌ಪಿಕ್‌ನಿಂದ ನಾಲ್ಕೈದು ಕಡೆ ಚುಚ್ಚಲೇಬೇಕು, ಬಿಳಿಯನ್ನೂ ಎರಡು ಕಡೆ. ಅರ್ಧ ಪವರ್‌ನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಇಟ್ಟು ನೋಡಿ. ನನ್ನ ಕೇಳಿದರೆ ಇದನ್ನೂ ಬಿಟ್ಟು ಕಲಕಿದ್ದನ್ನೇ ಮಾಡಿ.

ಈ ಬರಹ ಓದುವಾಗಲೇ ನಿಮ್ಮ ಓವನ್ನಿನಲ್ಲಿ ಇಡೀ ಮೊಟ್ಟೆ ಇದ್ದರೆ ಸ್ವಿಚ್ ಆರಿಸಿ, ಬಾಗಿಲು ತೆಗೆಯಬೇಡಿ. ಒಳಗೇನೋ ಶಾಂತವಾಗಿದೆ ಅಂತ ಬಗ್ಗಿ ನೋಡಬೇಡಿ, ಚಮಚ ತಾಗಿಸಬೇಡಿ, ತಣ್ಣೀರು ಹಾಕಬೇಡಿ. ಅರ್ಧ ಗಂಟೆಯಾದರೂ ಹಾಗೇ ಬಿಡಿ. ಮನೆಯಲ್ಲಿ ಮಕ್ಕಳಿದ್ದರೆ ಅಷ್ಟು ಹೊತ್ತು ಅಡುಗೆಮನೆ ಕಡೆ ಬಿಡಬೇಡಿ. ಆಮೇಲೆ ಆ ಮೊಟ್ಟೆಯನ್ನು ಒಡೆಯದೇ ಹಾಗೇ ಕಸಕ್ಕೆ ಹಾಕಿ.