60 ತಿಂಗಳ ಕಾರ್ಡು, 48 ತಿಂಗಳ ಕಾರ್ಡು: ಎರಡು ಇನ್ವರ್ಟರ್ ಬ್ಯಾಟರಿಗಳ ವಾರಂಟಿ ಹೋಲಿಕೆ

2024ರ ಮೇ ತಿಂಗಳಲ್ಲಿ ಶಹಾಪುರದಿಂದ ಮಾಮಾ ವಾಟ್ಸಾಪಿಗೆ ಒಂದು ಫೋಟೊ ಕಳಿಸಿದರು. ಅವರ ಮನೆಯ ಇನ್ವರ್ಟರ್ ಬ್ಯಾಟರಿಯ ವಾರಂಟಿ ಕಾರ್ಡು. ಅದರ ಹಿಂದೆಯೇ ಫೋನು ಬಂತು. “ತಮ್ಮಾ, ಇದರಾಗ ಏನ್ ಬರದಾರ ಓದಿ ಹೇಳಪಾ. ಕರೆಂಟ್ ಹೋದ್ರ ಫ್ಯಾನ್ ಅರ್ಧ ತಾಸೂ ತಿರಗವಲ್ದು. ಅಂಗಡ್ಯಾಂವ ಬಿಲ್ ಇಲ್ಲಾಂದ್ರ ಏನೂ ಆಗಲ್ಲ ಅಂತಾನ.”

ಆರು ತಿಂಗಳ ಹಿಂದೆ ಕಲಬುರಗಿಯ ನಮ್ಮ ಮನೆಯ ಬ್ಯಾಟರಿಯೂ ಹೀಗೇ ಕೈಕೊಟ್ಟಿತ್ತು. ಎರಡೂ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಗಳು, ಕಂಪನಿ ಬೇರೆ ಬೇರೆ. ನಮ್ಮ ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 60 ತಿಂಗಳು, ಮಾಮಾನ ಕಾರ್ಡಿನ ಮೇಲೆ 48. ಕೊಳ್ಳುವಾಗ ಯಾರಾದರೂ 60ನ್ನೇ ಆರಿಸುತ್ತಾರೆ, ನಾನೂ ಆರಿಸಿದ್ದೆ. ಎರಡೂ ಕಡೆ ಕ್ಲೇಮಿಗೆ ಓಡಾಡಿದ ಮೇಲೆ ಇನ್ನು ಮುಂದೆ ನಾನು 48ರ ಕಡೆಗೇ ನಿಲ್ಲುತ್ತೇನೆ. ಯಾಕೆ ಎಂಬುದನ್ನು ಎರಡೂ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟೇ ಹೇಳಬೇಕು.

ಮೊದಲು ಫೋಟೊದ ಮಾತು. ಮಾಮಾ ಕಳಿಸಿದ ಮೊದಲ ಫೋಟೊದಲ್ಲಿ ಕಾರ್ಡಿನ ಮುಂದಿನ ಮಗ್ಗುಲು ಮಾತ್ರ ಇತ್ತು. ಸೀರಿಯಲ್ ನಂಬರಿನ ಮೇಲೆ ಫ್ಲ್ಯಾಶ್ ಹೊಳೆದು ನಾಲ್ಕು ಅಂಕಿ ಅಳಿಸಿದಂತೆ ಕಾಣುತ್ತಿದ್ದವು. “48 ತಿಂಗಳು” ಎಂಬುದರ ತಲೆಯ ಮೇಲೆ ಒಂದು ಚುಕ್ಕಿ ಗುರುತಿತ್ತು, ಆದರೆ ಅದರ ವಿವರಣೆ ಇರಬೇಕಾದ ಕೆಳಗಿನ ಸಾಲು ಫೋಟೊದ ಆಚೆ ಉಳಿದಿತ್ತು. ವಾರಂಟಿಯ ಜೀವ ಇರುವುದೇ ಆ ಸಣ್ಣಕ್ಷರದ ಸಾಲಿನಲ್ಲಿ ಮತ್ತು ಹಿಂದಿನ ಮಗ್ಗುಲಿನಲ್ಲಿ. ಕಾರ್ಡನ್ನು ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನೆಲದ ಮೇಲಿಟ್ಟು, ಫ್ಲ್ಯಾಶ್ ಹಾಕದೆ, ನಾಲ್ಕೂ ಮೂಲೆ ಕಾಣುವಂತೆ ಎರಡೂ ಮಗ್ಗುಲು ತೆಗೆದು ಕಳಿಸಲು ಹೇಳಿದೆ. ಫೋಟೊ ಎಂದು ಕಳಿಸಿದರೆ ವಾಟ್ಸಾಪು ಅದನ್ನು ಕುಗ್ಗಿಸುತ್ತದೆ, ದೊಡ್ಡದು ಮಾಡಿ ನೋಡಿದರೆ ಸಣ್ಣಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೆಯೇ ಬರುತ್ತದೆ. ಮಾಮಾನ ಮಗಳು ಹಾಗೆ ಕಳಿಸಿದಾಗ ಪ್ರತಿ ಅಕ್ಷರವೂ ಓದಲು ಬಂತು.

ಈಗ ನಮ್ಮ 60 ತಿಂಗಳ ಕಾರ್ಡು. ಸಣ್ಣಕ್ಷರದಲ್ಲಿ ಅದು 36+24. ಮೊದಲ 36 ತಿಂಗಳಲ್ಲಿ ತಯಾರಿಕೆಯ ದೋಷ ಕಂಡರೆ ಬೇರೆ ಬ್ಯಾಟರಿ ಪುಕ್ಕಟೆ ಕೊಡುತ್ತಾರೆ. ಆಮೇಲಿನ 24 ತಿಂಗಳಿಗೆ ಇರುವುದು “ಪ್ರೊ-ರೇಟಾ”, ಅಂದರೆ ಹೊಸ ಬ್ಯಾಟರಿ ಕೊಳ್ಳಲು ರಿಯಾಯಿತಿ. ನಾವು ಕೊಂಡದ್ದು 2020ರ ಜೂನ್ 12ರಂದು, ಕೆಟ್ಟದ್ದು 2023ರ ನವೆಂಬರ್ ಮಧ್ಯದಲ್ಲಿ. ಅಷ್ಟೊತ್ತಿಗೆ 41 ತಿಂಗಳು ತುಂಬಿದ್ದವು. ದೋಷ ಕಂಪನಿಯದೇ ಎಂದು ಅವರ ತಂತ್ರಜ್ಞನೇ ಬರೆದುಕೊಟ್ಟ. ಕಾರ್ಡಿನ ಪ್ರಕಾರ ನಮಗೆ ಸಿಕ್ಕಿದ್ದು ಶೇಕಡಾ 30 ರಿಯಾಯಿತಿ.

ಶೇಕಡಾ 30 ಕೇಳಲು ಚೆನ್ನಾಗಿದೆ. ಆದರೆ ಅದು ಯಾವ ಬೆಲೆಯ ಮೇಲೆ? ಕಾರ್ಡಿನಲ್ಲಿ ಬರೆದದ್ದು ಎಂಆರ್‌ಪಿ ಮೇಲೆ. ಆ ಮಾದರಿಯ ಎಂಆರ್‌ಪಿ 18,600 ರೂಪಾಯಿ ಇತ್ತು. ಅದರಲ್ಲಿ 5,580 ಕಳೆದರೆ ನಾನು ಕೊಡಬೇಕಾದದ್ದು 13,020. ಹಳೆ ಬ್ಯಾಟರಿಯನ್ನೂ ಕಂಪನಿಗೆ ಒಪ್ಪಿಸಬೇಕು, ಅದಕ್ಕೆ ಬೆಲೆ ಕಟ್ಟುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಬ್ಯಾಟರಿ ಅಂಗಡಿಯಲ್ಲಿ ವಿಚಾರಿಸಿದರೆ ಅದೇ ಮಾದರಿಯ ಹೊಸ ಬ್ಯಾಟರಿ 14,200ಕ್ಕೆ ಇತ್ತು, ಯಾಕೆಂದರೆ ಬ್ಯಾಟರಿಯನ್ನು ಎಂಆರ್‌ಪಿಗೆ ಯಾರೂ ಮಾರುವುದಿಲ್ಲ. ಹಳೆಯದನ್ನು ಕೊಟ್ಟರೆ ಸೀಸದ ಬೆಲೆಗೆ 2,800 ಬಿಡುತ್ತೇನೆ ಎಂದ. ಉಳಿದದ್ದು 11,400. ವಾರಂಟಿ ಬಳಸಿದ್ದರೆ ನಾನು 1,620 ರೂಪಾಯಿ ಹೆಚ್ಚು ಕೊಡುತ್ತಿದ್ದೆ! ಕೊನೆಯ ಎರಡು ವರ್ಷಗಳ ವಾರಂಟಿ ನನ್ನ ಪಾಲಿಗೆ ಕಾಗದದ ಮೇಲಷ್ಟೇ ಇತ್ತು. ಇದನ್ನು ಕೊಳ್ಳುವ ದಿನ ಒಬ್ಬರೂ ಹೇಳಲಿಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಮಾಮಾನ 48ರ ಚುಕ್ಕಿ ಗುರುತಿನ ಕೆಳಗೆ ಇದ್ದದ್ದು ಬೇರೆಯೇ. ಅಲ್ಲಿ ಕೂಡಿಸುವ ಗುರುತಿಲ್ಲ, 48 ತಿಂಗಳೂ ಪೂರ್ತಿ ಬದಲಿ. ಅಂಗಡಿಯವರು ಇದನ್ನು ಫ್ಲ್ಯಾಟ್ ವಾರಂಟಿ ಎನ್ನುತ್ತಾರೆ. ಅವರು ಕೊಂಡದ್ದು 2021ರ ಮಾರ್ಚ್ 3, ಕೆಟ್ಟದ್ದು 39ನೇ ತಿಂಗಳು. ನನ್ನ ಕಾರ್ಡಿನ ಲೆಕ್ಕದಲ್ಲಾದರೆ ಅದು ರಿಯಾಯಿತಿಯ ಕಾಲ, ಅವರ ಕಾರ್ಡಿನಲ್ಲಿ ಪೂರ್ತಿ ಪುಕ್ಕಟೆ.

ಏನೇನಕ್ಕೆ ವಾರಂಟಿ ಇಲ್ಲ ಎಂಬ ಪಟ್ಟಿಯಲ್ಲಿ ಎರಡೂ ಕಾರ್ಡುಗಳು ಹೆಚ್ಚುಕಡಿಮೆ ಒಂದೇ. ಡಬ್ಬಿ ಒಡೆದಿದ್ದರೆ, ಸಡಿಲ ವೈರಿನಿಂದ ಟರ್ಮಿನಲ್ ಕರಗಿದ್ದರೆ, ಸೀರಿಯಲ್ ನಂಬರ್ ಕೆರೆದಿದ್ದರೆ, ಆ್ಯಸಿಡ್ ಸುರಿದಿದ್ದರೆ ಕ್ಲೇಮು ಇಲ್ಲ. ನಮ್ಮ ಕಡೆ ಹೆಚ್ಚು ಜನ ಸಿಕ್ಕಿಬೀಳುವುದು ನೀರಿನ ಕಲಮಿನಲ್ಲಿ. ಡಿಸ್ಟಿಲ್ಡ್ ನೀರನ್ನಷ್ಟೇ ಹಾಕಬೇಕು, ಮಟ್ಟ ಕೆಳಗಿನ ಗೆರೆಗಿಂತ ಇಳಿಯಬಾರದು. ಕಲಬುರಗಿಯ ಬ್ಯಾಸಿಗೆಯಲ್ಲಿ ನೀರು ಬೇಗ ಆರುತ್ತದೆ, ಮುಗಿದಾಗ ಕೈಗೆ ಸಿಗುವುದು ಫಿಲ್ಟರ್ ನೀರಿನ ಕ್ಯಾನು. ಕುಡಿಯಲು ಶುದ್ಧವಾದ ಆ ನೀರಿನಲ್ಲೂ ಲವಣ ಉಳಿದಿರುತ್ತದೆ, ಬೋರಿನ ನೀರಿನ ಮಾತಂತೂ ಬೇಡವೇ ಬೇಡ. ನೀರು ಇಳಿದು ಪ್ಲೇಟುಗಳು ಗಾಳಿಗೆ ತೆರೆದುಕೊಂಡರೆ ಬೆಳ್ಳಗಾಗುತ್ತವೆ. ಮುಚ್ಚಳ ಬಿಚ್ಚಿದ ತಂತ್ರಜ್ಞ ಮೊದಲು ನೋಡುವುದು ಅದನ್ನೇ. ಹಾಗಾಗಿ ಕ್ಲೇಮು ಹಾಕುವ ಹಿಂದಿನ ದಿನ ನೀರು ತುಂಬಿ ಮುಚ್ಚಿದರೆ ಉಪಯೋಗವಿಲ್ಲ. ಮಾಮಾ ಡಿಸ್ಟಿಲ್ಡ್ ನೀರನ್ನೇ ಹಾಕುತ್ತ ಬಂದಿದ್ದರು, ಅದೇ ಅವರನ್ನು ಉಳಿಸಿತು.

ಇನ್ನೊಂದು ಮಾತು ಕಾರ್ಡಿನಲ್ಲಿ ಬಿಡಿಸಿ ಬರೆದಿಲ್ಲ. “ತಯಾರಿಕೆಯ ದೋಷ” ಎಂದರೆ ಏನು? ತಂತ್ರಜ್ಞ ಹೈಡ್ರೋಮೀಟರ್ ಹಿಡಿದು ಆರೂ ಸೆಲ್ಲುಗಳ ಆ್ಯಸಿಡ್ಡಿನ ಸಾಂದ್ರತೆ ಅಳೆಯುತ್ತಾನೆ. ಪೂರ್ತಿ ಚಾರ್ಜಾದ ಟ್ಯೂಬುಲರ್ ಬ್ಯಾಟರಿಯಲ್ಲಿ ಅದು 1.240ರ ಆಸುಪಾಸು ಇರಬೇಕು. ಆರೂ ಸೆಲ್ಲು ಸಮವಾಗಿ 1.150ಕ್ಕೆ ಇಳಿದಿದ್ದರೆ ಅದು ಚಾರ್ಜು ಸಾಲದ್ದರ ಲಕ್ಷಣ. ಚಾರ್ಜ್ ಮಾಡಿ ಮತ್ತೆ ನೋಡೋಣ ಎನ್ನುತ್ತಾರೆ, ತಪ್ಪು ಇನ್ವರ್ಟರಿನದೂ ಇರಬಹುದು. ಉಳಿದವು ಸರಿಯಿದ್ದು ಒಂದೇ ಸೆಲ್ಲು ಕುಸಿದಿದ್ದರೆ, ಚಾರ್ಜಿಗೂ ಅದು ಏಳದಿದ್ದರೆ, ಆಗ ಒಪ್ಪುತ್ತಾರೆ. ಶಹಾಪುರಕ್ಕೆ ಬಂದ ಹುಡುಗ ಮೂರನೇ ಸೆಲ್ಲಿನಲ್ಲಿ 1.110 ತೋರಿಸಿ, “ಐದು ಸೆಲ್ ಚಲೋ ಅವರೀ, ಇದೊಂದೇ ಹೋಗ್ಯಾದ” ಎಂದ. ಆ ಅಂಕಿಗಳನ್ನು ಅವನ ಚೀಟಿಯಲ್ಲಿ ಬರೆಸಿಕೊಂಡು ಫೋಟೊ ತೆಗೆದಿಟ್ಟುಕೊಳ್ಳಲು ಮಾಮಾನಿಗೆ ಮೊದಲೇ ಹೇಳಿದ್ದೆ.

ಕ್ಲೇಮಿನ ದಾರಿ ಎರಡೂ ಕಡೆ ಒಂದೇ ಥರ. ಕಾರ್ಡಿನ ಮೇಲಿನ ಟೋಲ್‌ಫ್ರೀ ನಂಬರಿಗೆ ಫೋನು, ಸೀರಿಯಲ್ ನಂಬರ್ ಹೇಳಿದ ಮೇಲೆ ಎಸ್ಸೆಮ್ಮೆಸ್ಸಿನಲ್ಲಿ ದೂರಿನ ನಂಬರು, ಆಮೇಲೆ ಮನೆಗೆ ತಂತ್ರಜ್ಞ, ಅವನ ವರದಿ ಹಿಡಿದು ಅಂಗಡಿಗೆ. ನಾನು ಮೊದಲು ಅಂಗಡಿಗೇ ಹೋಗಿ, ಇವತ್ತು ನಾಳೆ ಎನ್ನಿಸಿಕೊಂಡು ಹನ್ನೆರಡು ದಿನ ಕಳೆದುಕೊಂಡೆ. ಮಾಮಾನಿಂದ ನೇರವಾಗಿ ಕಂಪನಿಗೆ ಫೋನು ಮಾಡಿಸಿದೆ, ಮೂರನೇ ದಿನ ಹುಡುಗ ಬಂದ. ದೂರಿನ ನಂಬರಿಗೆ ತಾರೀಖು ಇರುತ್ತದೆ, ಅಂಗಡಿಯ ಬಾಯಿಮಾತಿಗೆ ಇರುವುದಿಲ್ಲ. ವಾರಂಟಿಯ ಕೊನೆಯ ವಾರದಲ್ಲಿ ಕೆಟ್ಟವರಿಗೆ ಈ ತಾರೀಖೇ ಗತಿ.

ಖರೀದಿಯ ಪುರಾವೆಯಲ್ಲಿ ಮಾತ್ರ ನಾನು ಗೆದ್ದಿದ್ದೆ, ಮಾಮಾ ಸೋತಿದ್ದರು. ನನ್ನ ಹತ್ತಿರ ಸೀರಿಯಲ್ ನಂಬರ್ ಬರೆದ ಪಕ್ಕಾ ಜಿಎಸ್‌ಟಿ ಬಿಲ್ಲು ಇತ್ತು. ಅದು ಥರ್ಮಲ್ ಕಾಗದದ್ದು, ಮೂರು ಬ್ಯಾಸಿಗೆ ಕಳೆಯುವಷ್ಟರಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗಿತ್ತು. ಕೊಂಡ ದಿನ ತೆಗೆದ ಫೋಟೊವನ್ನೇ ಕಂಪನಿಯವರು ಒಪ್ಪಿದರು. ಮಾಮಾನ ಕಾರ್ಡಿನಲ್ಲಿ ತಾರೀಖಿನ ಜಾಗ ಖಾಲಿ, ಅಂಗಡಿಯ ಸಿಕ್ಕಾ ಇಲ್ಲ. ಕೈಯಲ್ಲಿದ್ದದ್ದು “ಎಸ್ಟಿಮೇಟ್” ಎಂದು ಬರೆದ ಕಚ್ಚಾ ಚೀಟಿ, ಅದರಲ್ಲಿ ಸೀರಿಯಲ್ ನಂಬರೂ ಇಲ್ಲ. ಮಾರಾಟದ ತಾರೀಖಿಗೆ ಪುರಾವೆ ಇಲ್ಲದಿದ್ದರೆ ತಯಾರಾದ ತಿಂಗಳಿಂದ ವಾರಂಟಿ ಎಣಿಸುತ್ತೇವೆ ಎಂಬ ಕಲಮು ಅವರ ಕಾರ್ಡಿನ ಹಿಂದೆ ಇತ್ತು. ಅಂದರೆ ಬಿಲ್ಲಿಲ್ಲದಿದ್ದರೆ ಏನೂ ಆಗಲ್ಲ ಎಂದ ಅಂಗಡಿಯವನ ಮಾತು ಪೂರ್ತಿ ನಿಜವಲ್ಲ. ಆದರೆ ಬ್ಯಾಟರಿ ತಯಾರಾದದ್ದು ಕೊಂಡದ್ದಕ್ಕಿಂತ ನಾಲ್ಕು ತಿಂಗಳು ಮೊದಲು, ಅಷ್ಟು ವಾರಂಟಿ ಕೈಬಿಡುತ್ತಿತ್ತು.

ನಾನು ಒಂದು ಭಾನುವಾರ ಶಹಾಪುರಕ್ಕೆ ಹೋದೆ. ಹಣ ಕೊಟ್ಟದ್ದು ಮಗಳ ಫೋನಿನಿಂದ ಯುಪಿಐ ಮೂಲಕ, ಹಾಗಾಗಿ ತಾರೀಖು, ಮೊತ್ತ, ಅಂಗಡಿಯ ಹೆಸರು ಮೂರೂ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಸಿಕ್ಕವು. ಅದನ್ನು ಹಿಡಿದು ಅಂಗಡಿಗೆ ಹೋಗಿ, “ಅಣ್ಣಾ, ಈ ತಾರೀಖಿಂದು ಬಿಲ್ಲಿನ ನಕಲು ತಗದು ಕೊಡ್ರಿ” ಎಂದು ಕೇಳಿದೆ. ಜಿಎಸ್‌ಟಿ ನೋಂದಣಿ ಇದ್ದ ವ್ಯಾಪಾರಿ ಒಂದು ವರ್ಷದ ಲೆಕ್ಕವನ್ನು, ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2021ರ ಬಿಲ್ಲು ಅವನ ಕಂಪ್ಯೂಟರಿನಲ್ಲಿ ಇರಲೇಬೇಕಿತ್ತು. ಮಾರಿದ ಸರಕಿಗೆ ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎಂಬುದನ್ನೂ ಮೆಲ್ಲಗೆ ಹೇಳಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡುವ ಹೊತ್ತು ಬರಲಿಲ್ಲ, ಅರ್ಧ ತಾಸಿನಲ್ಲಿ ನಕಲು ಸಿಕ್ಕಿತು, ಸೀರಿಯಲ್ ನಂಬರ್ ಸಮೇತ.

ಜೂನ್ 10ರಂದು ಮಾಮಾನ ಮನೆಗೆ ಹೊಸ ಬ್ಯಾಟರಿ ಬಂತು, ಒಂದು ರೂಪಾಯಿಯೂ ಕೊಡಲಿಲ್ಲ. ಅವರು ಇನ್ನು ನಾಲ್ಕು ವರ್ಷ ನಿಶ್ಚಿಂತೆ ಎಂದುಕೊಂಡಿದ್ದರು. ನಾನು ಕಾರ್ಡಿನ ಹಿಂದಿನ ಏಳನೇ ಕಲಮನ್ನು ಓದಿ ಹೇಳಬೇಕಾಯಿತು: ಬದಲಿ ಬ್ಯಾಟರಿಗೆ ಹೊಸ ವಾರಂಟಿ ಇಲ್ಲ, ಹಳೆಯದರ ಉಳಿದ ಅವಧಿಯಷ್ಟೇ. ಅಂದರೆ 2025ರ ಮಾರ್ಚ್ 2ರವರೆಗೆ, ಒಂಬತ್ತು ತಿಂಗಳಿಗೂ ಕಡಿಮೆ. ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳ ಕೈಯಿಂದ ಮಾರ್ಕರ್ ಇಸಿದುಕೊಂಡು ಬ್ಯಾಟರಿ ಟ್ರಾಲಿಯ ಮೇಲೆ ಆ ತಾರೀಖನ್ನು ಬರೆದರು. ಅದರ ಕೆಳಗೆ ಹೊಸ ಸೀರಿಯಲ್ ನಂಬರನ್ನೂ ಬರೆಸಿದೆ, ಮುಂದಿನ ಫೋನಿಗೆ ಬೇಕಾಗುವುದು ಹಳೆಯದಲ್ಲ, ಅದು.